ಎಡಗಡೆಯ ಬಡ್ ಯಾಕೆ ಪಿಸುಗುಡುತ್ತಿದೆ?

ಅಣ್ಣನ ಮಗಳು ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು ಓದುತ್ತಾಳೆ. ಶನಿವಾರ ನಮ್ಮ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಇಯರ್‌ಬಡ್ ಡಬ್ಬಿಯನ್ನು ನನ್ನ ಕೈಗಿಟ್ಟಳು. "ಅತ್ತೆ, ಇದು ಹೋಯ್ತು ಅನ್ಸುತ್ತೆ. ಬಲಗಡೆದು ಸರಿಯಾಗಿ ಕೇಳುತ್ತೆ, ಎಡಗಡೆದು ಪಿಸುಗುಟ್ಟಿದ ಹಾಗೆ. ಹೊಸದು ಆರ್ಡರ್ ಮಾಡ್ಲಾ?"

ಕೊಂಡು ಒಂದು ವರ್ಷವೂ ಆಗದ ವಸ್ತು. ಬೀಳಿಸಿಲ್ಲ, ನೀರಿಗೆ ಹಾಕಿಲ್ಲ. ಸದ್ದು ಒಂದೇ ದಿನ ಇಳಿದದ್ದಲ್ಲ, ಎರಡು ಮೂರು ತಿಂಗಳಿಂದ ನಿಧಾನವಾಗಿ ಇಳಿಯುತ್ತಾ ಬಂದಿದೆ. ಈ "ನಿಧಾನವಾಗಿ" ಎನ್ನುವ ಮಾತೇ ನನಗೆ ಮೊದಲ ಸುಳಿವು. ಒಳಗಿನ ತಂತಿಯೋ ಸ್ಪೀಕರೋ ಕೆಟ್ಟರೆ ಸದ್ದು ಸಾಮಾನ್ಯವಾಗಿ ಒಮ್ಮೆಲೇ ನಿಲ್ಲುತ್ತದೆ, ಇಲ್ಲವೇ ಕರಕರ ಎನ್ನುತ್ತದೆ. ವಾರದಿಂದ ವಾರಕ್ಕೆ ಮಂಕಾಗುತ್ತಾ ಹೋಗುವುದು ದಾರಿ ಮುಚ್ಚಿಕೊಳ್ಳುತ್ತಿರುವುದರ ಲಕ್ಷಣ. ಆದರೂ ಬ್ರಷ್ ಹಿಡಿಯುವ ಮೊದಲು ದೋಷ ಎಲ್ಲಿದೆ ಎಂದು ಗೊತ್ತು ಮಾಡಿಕೊಳ್ಳಬೇಕು. ಫೋನಿನಲ್ಲಿರಬಹುದು, ಬಡ್‌ನಲ್ಲಿರಬಹುದು, ಕಿವಿಯಲ್ಲೇ ಇರಬಹುದು. ಮೂರಕ್ಕೂ ದೂರು ಒಂದೇ: "ಎಡಗಡೆ ಕಮ್ಮಿ ಕೇಳುತ್ತೆ."

ಫೋನಿನಿಂದ ಶುರುಮಾಡಿದೆವು. ಎಡ-ಬಲದ ಸದ್ದನ್ನು ತೂಗುವ ಒಂದು ಪಟ್ಟಿ ಬಹುತೇಕ ಫೋನುಗಳಲ್ಲಿ ಇರುತ್ತದೆ. ಬೆರಳು ತಾಗಿ ಅದು ಒಂದು ಕಡೆಗೆ ಸರಿದಿದ್ದರೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಐಫೋನಿನಲ್ಲಿ ಅದು Settings → Accessibility → Audio & Visual ಒಳಗೆ Balance ಎಂಬ ಹೆಸರಿನಲ್ಲಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಜಾಗ ಕಂಪನಿಯಿಂದ ಕಂಪನಿಗೆ ಬೇರೆ, ಆದರೆ ಸಾಮಾನ್ಯವಾಗಿ Accessibility ಒಳಗೇ ಸಿಗುತ್ತದೆ. ಪಟ್ಟಿಯ ಗುಂಡಿ ನಡುಮಧ್ಯ ಇರಬೇಕು. ಅಲ್ಲೇ Mono audio ಎಂಬ ಇನ್ನೊಂದು ಆಯ್ಕೆ ಇದೆ. ಪರೀಕ್ಷೆ ಮುಗಿಯುವವರೆಗೆ ಅದನ್ನು ಆನ್ ಮಾಡಿಡಿ. ಹಾಡುಗಳಲ್ಲಿ, ಅದರಲ್ಲೂ ಹಳೆಯ ಸ್ಟೀರಿಯೊ ಹಾಡುಗಳಲ್ಲಿ, ತಬಲಾ ಒಂದು ಕಡೆ, ಪಿಟೀಲು ಇನ್ನೊಂದು ಕಡೆ ಎಂದು ಹಂಚಿಟ್ಟಿರುತ್ತಾರೆ. ಅಂಥದ್ದನ್ನು ಕೇಳಿ ಯಾವ ಬಡ್ ಮಂಕು ಎಂದು ಹೇಳಲಾಗದು. ಮೊನೊ ಆನ್ ಮಾಡಿದರೆ ಎರಡೂ ಬಡ್‌ಗೆ ಒಂದೇ ಸದ್ದು ಹೋಗುತ್ತದೆ. ಹಾಡಿಗಿಂತ ವಾರ್ತೆ ಒಳ್ಳೆಯದು, ಓದುವವರ ದನಿ ಒಂದೇ ಮಟ್ಟದಲ್ಲಿರುತ್ತದೆ.

ಬಡ್‌ಗಳನ್ನು ಡಬ್ಬಿಗೆ ಹಾಕಿ, ಫೋನಿನ ಬ್ಲೂಟೂತ್ ಪಟ್ಟಿಯಿಂದ ಅಳಿಸಿ, ಹೊಸದಾಗಿ ಜೋಡಿಸಿಯೂ ನೋಡಿದೆವು. ಎರಡು ಬಡ್‌ಗಳ ಒಳಗಿನ ವಾಲ್ಯೂಮ್ ಹೊಂದಾಣಿಕೆ ತಪ್ಪಿದ್ದರೆ ಇಷ್ಟಕ್ಕೇ ಸರಿಹೋಗುತ್ತದೆ. ಅವಳದ್ದು ಸರಿಹೋಗಲಿಲ್ಲ.

ಇನ್ನುಳಿದದ್ದು ಬಡ್ ಮತ್ತು ಕಿವಿ. ಇವೆರಡನ್ನು ಬೇರ್ಪಡಿಸಲು ನಾನು ನಂಬುವ ಪರೀಕ್ಷೆ ಒಂದೇ. ಒಂದೇ ಕಿವಿಯಲ್ಲಿ ಎರಡೂ ಬಡ್‌ಗಳನ್ನು ಒಂದಾದ ಮೇಲೊಂದು ಕೇಳಬೇಕು. ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ಬಟನ್ ಒಂದೊಂದೇ ಸಲ ಒತ್ತುತ್ತಾ, ಎಷ್ಟನೆಯ ಒತ್ತಿಗೆ ಮಾತು ಸ್ಪಷ್ಟವಾಗುತ್ತದೆ ಎಂದು ಎಣಿಸಬೇಕು. ಎಡಗಡೆಯ ಬಡ್ ಬಲಗಿವಿಯಲ್ಲಿ ಸರಿಯಾಗಿ ಕೂರುವುದಿಲ್ಲ, ಬೆರಳಿನಿಂದ ಹಿಡಿದುಕೊಳ್ಳಬೇಕು. ಹಾಗಾಗಿ ಒಂದು ಒತ್ತಿನ ವ್ಯತ್ಯಾಸ ಬಂದರೆ ಲೆಕ್ಕಕ್ಕಿಲ್ಲ. ಅವಳಿಗೆ ಬಲಗಿವಿಯಲ್ಲಿ ಬಲದ ಬಡ್ 4ನೇ ಒತ್ತಿಗೆ ಸ್ಪಷ್ಟವಾಯಿತು, ಅದೇ ಕಿವಿಯಲ್ಲಿ ಎಡದ ಬಡ್ 9ಕ್ಕೆ. ಅಲ್ಲಿಗೆ ಬಡ್‌ನಲ್ಲಿ ದೋಷವಿರುವುದು ಖಚಿತವಾಯಿತು. ಇನ್ನು ಚೆನ್ನಾಗಿರುವ ಬಲದ ಬಡ್ಡನ್ನೇ ಎಡಗಿವಿಗೆ ಹಿಡಿದಾಗ ಅದಕ್ಕೆ 6 ಒತ್ತು ಬೇಕಾಯಿತು. ಈ ಎರಡು ಒತ್ತಿನ ವ್ಯತ್ಯಾಸವನ್ನು ಚೀಟಿಯ ಮೇಲೆ ಬರೆದಿಟ್ಟುಕೊಂಡೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಡ್‌ನ ರಬ್ಬರ್ ತುದಿಯನ್ನು ಕಳಚಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಫೋನಿನ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೊ ತೆಗೆದೆವು. ಬಲದ ಬಡ್‌ನ ಬಾಯಲ್ಲಿ ಲೋಹದ ಜಾಲರಿ ಸೊಳ್ಳೆ ಪರದೆಯ ಹಾಗೆ ಕಣ್ಣುಕಣ್ಣಾಗಿ ಹೊಳೆಯುತ್ತಿತ್ತು. ಎಡದ್ದರಲ್ಲಿ ಮುಕ್ಕಾಲು ಭಾಗಕ್ಕೆ ಜೇನುಬಣ್ಣದ ಮಂದ ಪದರ. ಗುಗ್ಗೆ.

ಗುಗ್ಗೆಯನ್ನು ಕೊಳಕು ಎಂದು ನೋಡುವುದು ನಮ್ಮ ರೂಢಿ. ಆದರೆ ಅದು ಕಿವಿ ತನಗಾಗಿಯೇ ಮಾಡಿಕೊಳ್ಳುವ ಲೇಪ. ಕಿವಿಯ ನಾಳದ ಹೊರಗಿನ ಮೂರನೇ ಒಂದು ಭಾಗದಲ್ಲಷ್ಟೇ ಅದನ್ನು ಒಸರುವ ಗ್ರಂಥಿಗಳಿವೆ. ಆ ಜಿಡ್ಡಿಗೆ ಉದುರಿದ ಚರ್ಮದ ಹೊಟ್ಟು, ಸಣ್ಣ ಕೂದಲು, ಧೂಳು ಸೇರಿದರೆ ಗುಗ್ಗೆ. ನಾಳದ ಚರ್ಮ ತಮಟೆಯ ಕಡೆಯಿಂದ ಹೊರಕ್ಕೆ ಬಹಳ ನಿಧಾನವಾಗಿ ಸರಿಯುತ್ತಲೇ ಇರುತ್ತದೆ, ನಾವು ಅಗಿಯುವಾಗ ದವಡೆಯ ಚಲನೆಯೂ ಜೊತೆಗೂಡುತ್ತದೆ. ಹೀಗೆ ಗುಗ್ಗೆ ತಾನಾಗಿಯೇ ಬಾಗಿಲಿಗೆ ಬಂದು ಉದುರಬೇಕು. ದಿನಕ್ಕೆ ನಾಲ್ಕೈದು ಗಂಟೆ ಆ ಬಾಗಿಲಲ್ಲಿ ರಬ್ಬರ್ ಬಿರಡೆ ಕೂತಿದ್ದರೆ ಹೊರಗೆ ಬರುವುದು ಬಿರಡೆಯ ಬಾಯಿಗೇ ಮೆತ್ತಿಕೊಳ್ಳುತ್ತದೆ. ಮೈಯ ಬಿಸಿಗೆ ಅದು ಮೆತ್ತಗಾಗಿರುತ್ತದೆ, ಜಾಲರಿಯ ಕಣ್ಣುಗಳಿಗೆ ಇಳಿಯುತ್ತದೆ. ಬಡ್ ಡಬ್ಬಿಗೆ ಹೋದ ಮೇಲೆ ತಣ್ಣಗಾಗಿ ಗಟ್ಟಿಯಾಗುತ್ತದೆ. ಮರುದಿನ ಅದರ ಮೇಲೆ ಇನ್ನೊಂದು ಪದರ.

ಜಾಲರಿ ಪೂರ್ತಿ ಮುಚ್ಚುವ ಮೊದಲೇ ದನಿಯ ಬಣ್ಣ ಬದಲಾಗುತ್ತದೆ. ಮೊದಲು ಹೋಗುವುದು ತಾರದ ಸದ್ದುಗಳು. ತಾಳದ ಕಿಣಿಕಿಣಿ, ಮಾತಿನಲ್ಲಿ ಸ, ಶ, ಫ ಅಕ್ಷರಗಳ ಅಂಚು ಮಸುಕಾಗಿ, ಕಂಬಳಿಯ ಹಿಂದಿನಿಂದ ಮಾತಾಡಿದ ಹಾಗೆ ಕೇಳುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಇನ್ನೊಂದು ಸಾಮಾನ್ಯ ತೊಂದರೆಯಿಂದ ಬೇರೆ ಮಾಡಿ ಗುರುತಿಸಬಹುದು. ರಬ್ಬರ್ ತುದಿಯ ಅಳತೆ ಕಿವಿಗೆ ಹೊಂದದೆ ಗಾಳಿ ಸೋರುತ್ತಿದ್ದರೆ ಸ್ಪಷ್ಟತೆ ಹಾಗೇ ಇದ್ದು ಮೃದಂಗದ ಗುಮ್ಮು ಮಾಯವಾಗುತ್ತದೆ, ದನಿ ತೆಳ್ಳಗಾಗುತ್ತದೆ. ಅದಕ್ಕೆ ಬೇಕಾದದ್ದು ಬೇರೆ ಅಳತೆಯ ತುದಿ, ಶುಚಿ ಮಾಡುವ ಕೆಲಸವಲ್ಲ.

ಎಡಗಡೆಯೇ ಯಾಕೆ ಎಂದು ಕೇಳಿದಳು. "ಕ್ಲಾಸಿಗೆ ಹೋಗೋವಾಗ, ಫೋನಲ್ಲಿ ಮಾತಾಡುವಾಗ ಒಂದೇ ಹಾಕ್ಕೋತೀಯಲ್ಲ, ಯಾವುದು?" ಎಂದೆ. ಎಡದ್ದೇ. ರಾತ್ರಿ ಹಾಡು ಕೇಳುತ್ತಾ ಮಲಗುವಾಗಲೂ ಅದೇ.

ಆ ಸಂಜೆ ನಾವು ಬಡ್ಡನ್ನು ಮುಟ್ಟಲಿಲ್ಲ. ಕಿವಿಯಿಂದ ಆಗತಾನೇ ತೆಗೆದ ಬಡ್ಡನ್ನು ಉಜ್ಜುವುದು ಬೆಣ್ಣೆಯನ್ನು ಜರಡಿಗೆ ಸವರಿದ ಹಾಗೆ, ಮೆತ್ತಗಿನ ಗುಗ್ಗೆ ಇನ್ನಷ್ಟು ಒಳಗೆ ಹೋಗುತ್ತದೆ. ಶ್ರವಣ ಸಾಧನ ಹಾಕಿಕೊಳ್ಳುವವರಿಗೆ ಆಡಿಯಾಲಜಿಸ್ಟರು ರಾತ್ರಿ ತೆಗೆದಿಟ್ಟು ಬೆಳಿಗ್ಗೆ ಶುಚಿ ಮಾಡಿ ಎನ್ನುವುದು ಇದಕ್ಕೇ. ರಾತ್ರಿಯಿಡೀ ಒಣಗಿದ ಗುಗ್ಗೆ ಹೊಟ್ಟಾಗಿ ಉದುರುತ್ತದೆ.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಮಕ್ಕಳ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡೆವು. ಹೊಸ ಬ್ರಷ್, ಪೂರ್ತಿ ಒಣಗಿದ್ದು. ಜಾಲರಿ ನೆಲಕ್ಕೆ ಮುಖ ಮಾಡಿರುವಂತೆ ಬಡ್ಡನ್ನು ಕಣ್ಣಿನ ಎತ್ತರಕ್ಕೆ ಹಿಡಿದು, ಬ್ರಷ್ಷನ್ನು ಕೆಳಗಿನಿಂದ ತಾಗಿಸಿ, ಅಡ್ಡಡ್ಡವಾಗಿ ಹಗುರವಾಗಿ ಎಳೆಯಬೇಕು. ಒತ್ತಬಾರದು. ಸಡಿಲವಾದದ್ದಕ್ಕೆ ಬೀಳಲು ಕೆಳಗಡೆಯೇ ದಾರಿಯಿರಬೇಕು, ಇಡೀ ಕೆಲಸದ ಗುಟ್ಟು ಅಷ್ಟೇ. ಬಡ್ಡನ್ನು ಅಂಗಾತ ಹಿಡಿದು ಮೇಲಿನಿಂದ ಉಜ್ಜಿದರೆ ಎದ್ದ ಹೊಟ್ಟೆಲ್ಲ ಜಾಲರಿಯೊಳಕ್ಕೇ ಇಳಿಯುತ್ತದೆ. ಅರ್ಧ ನಿಮಿಷ ಉಜ್ಜುವುದು, ಬೆರಳಿನಿಂದ ಬಡ್‌ನ ಬೆನ್ನನ್ನು ಮೆಲ್ಲಗೆ ತಟ್ಟುವುದು, ಬ್ರಷ್ಷನ್ನು ಬಟ್ಟೆಗೆ ಒರೆಸುವುದು, ಮತ್ತೆ ಉಜ್ಜುವುದು. ಹೀಗೆ ನಾಲ್ಕೈದು ಸಲ. ಕಾಗದದ ಮೇಲೆ ರವೆಯಂಥ ಹಳದಿ ಪುಡಿ ಬಿತ್ತು. ಮತ್ತೆ ಎಣಿಸಿದಾಗ 9 ಇದ್ದದ್ದು 6ಕ್ಕೆ ಬಂತು.

ಉಳಿದದ್ದಕ್ಕೆ ಗೋಡೆಗೆ ಚಿತ್ರ ಅಂಟಿಸುವ ಮೆತ್ತನೆಯ ಅಂಟುಮುದ್ದೆ ಬಳಸಿದೆ. ಸ್ಟೇಷನರಿ ಅಂಗಡಿಯಲ್ಲಿ ಬ್ಲೂ ಟ್ಯಾಕ್ ಎಂದರೆ ಕೊಡುತ್ತಾರೆ. ಕಡಲೆಕಾಳಿನಷ್ಟು ತೆಗೆದುಕೊಂಡು ಉಂಡೆ ಮಾಡಿ, ಜಾಲರಿಯ ಮೇಲೆ ಮುಟ್ಟಿಸಿ, ತಟ್ಟನೆ ನೇರವಾಗಿ ಎತ್ತಬೇಕು. ಪ್ರತಿ ಸಲ ಉಂಡೆಯ ಹೊಸ ಮುಖ ಒಡ್ಡಬೇಕು. ಇಲ್ಲಿ ಅವಸರದವರು ಕೆಡಿಸುತ್ತಾರೆ. ಕೈಯ ಬಿಸಿಗೆ ಮುದ್ದೆ ಬೇಗ ಅಂಟಂಟಾಗುತ್ತದೆ, ಆಗ ಒತ್ತಿ ಹಿಡಿದರೆ ಅದರ ಚೂರುಗಳೇ ಜಾಲರಿಯ ಕಣ್ಣಿನಲ್ಲಿ ಉಳಿದುಬಿಡುತ್ತವೆ. ಅದನ್ನು ತೆಗೆಯುವುದು ಗುಗ್ಗೆ ತೆಗೆಯುವುದಕ್ಕಿಂತ ಕಷ್ಟ. ಬೇಸಿಗೆಯಲ್ಲಾದರೆ ಮುದ್ದೆಯನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ಬಳಸಿ. ಜಾಲರಿ ಲೋಹದ್ದಾಗಿರದೆ ಬಟ್ಟೆಯ ತೆಳು ಬಿಲ್ಲೆಯನ್ನು ಅಂಟಿಸಿದ್ದಾಗಿದ್ದರೆ ಈ ಉಪಾಯವೇ ಬೇಡ, ಬಿಲ್ಲೆ ಕಿತ್ತುಕೊಂಡು ಬರಬಹುದು.

ಅವಳ ಬಡ್‌ನ ಕೈಪಿಡಿಯಲ್ಲಿ ಜಾಲರಿಗೆ ದ್ರವ ಮುಟ್ಟಿಸಲು ಅನುಮತಿ ಇರಲಿಲ್ಲ, ಆದ್ದರಿಂದ ಅಷ್ಟಕ್ಕೇ ನಿಲ್ಲಿಸಿದೆವು. ಪೆಟ್ಟಿಗೆಯ ಮೇಲೆ ಐಪಿಎಕ್ಸ್4 ಎಂದು ಬರೆದಿದೆಯಲ್ಲ ಎಂದು ಅವಳು ವಾದಿಸಿದಳು. ಆ ಗುರುತು ಹೇಳುವುದು ಯಾವ ದಿಕ್ಕಿನಿಂದ ನೀರು ಚಿಮ್ಮಿದರೂ ತಡೆಯುತ್ತದೆ ಎಂದು ಮಾತ್ರ. ಬ್ರಷ್ಷಿನಲ್ಲಿ ತಿಕ್ಕಿ ಬಾಯೊಳಗೆ ಇಳಿಸಿದ ದ್ರವಕ್ಕೆ ಅದು ಭರವಸೆಯಲ್ಲ. ಜಾಲರಿಯ ಹಿಂದೆ ಕೆಲವೇ ಮಿಲಿಮೀಟರು ದೂರದಲ್ಲಿ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪೊರೆ ಅದುರುತ್ತಾ ಸದ್ದು ಹೊರಡಿಸುತ್ತಿರುತ್ತದೆ. ಅದರ ಮೇಲೆ ಒಂದು ಹನಿ ಕೂತರೂ ಅದು ಸರಿಯಾಗಿ ಅದುರಲಾರದು.

ಕೆಲವು ತಯಾರಕರು ಒದ್ದೆ ವಿಧಾನವನ್ನು ತಾವೇ ಹೇಳಿಕೊಡುತ್ತಾರೆ. ಆಪಲ್ ಕಂಪನಿ ಏರ್‌ಪಾಡ್ಸ್ ಪ್ರೊ ಮತ್ತು ಕೆಲವು ಹೊಸ ಏರ್‌ಪಾಡ್‌ಗಳಿಗೆ ಹೇಳಿರುವ ಕ್ರಮವನ್ನು ನನ್ನ ಬಡ್‌ಗಳ ಮೇಲೆ ನಾನೇ ಮಾಡಿ ನೋಡಿದ್ದೇನೆ. ಮುಖದ ಮೇಕಪ್ ತೆಗೆಯಲು ಬಳಸುವ ಮೈಸೆಲ್ಲರ್ ವಾಟರ್ ಇದಕ್ಕೆ ಬೇಕು. ಸೀಸೆಯ ಮೇಲಿನ ಪಟ್ಟಿಯಲ್ಲಿ ಪಿಇಜಿ-6 ಕ್ಯಾಪ್ರಿಲಿಕ್/ಕ್ಯಾಪ್ರಿಕ್ ಗ್ಲಿಸರೈಡ್ಸ್ ಇರುವುದನ್ನೇ ಆರಿಸಿ ಎನ್ನುತ್ತಾರೆ. ಆ ನೀರಿನಲ್ಲಿರುವ ಸೋಪಿನ ಗುಣದ ಸೂಕ್ಷ್ಮ ಗೋಲಿಗಳು ಜಿಡ್ಡನ್ನು ತಮ್ಮೊಳಗೆ ಎಳೆದುಕೊಳ್ಳುತ್ತವೆ, ನೊರೆ ಬರುವುದಿಲ್ಲ. ಒಂದು ಬಟ್ಟಲಿಗೆ ಅದನ್ನು ಸ್ವಲ್ಪ ಸುರಿದು, ಇನ್ನೊಂದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿಕೊಳ್ಳಬೇಕು. ಮಕ್ಕಳ ಬ್ರಷ್ಷಿನ ತುದಿಯನ್ನು ಮೊದಲ ಬಟ್ಟಲಿಗೆ ಅದ್ದಿ, ಜಾಲರಿ ಮೇಲೆ ಬರುವಂತೆ ಹಿಡಿದು, ಸುಮಾರು 15 ಸೆಕೆಂಡು ಸುತ್ತುಸುತ್ತಾಗಿ ಉಜ್ಜುವುದು. ತಕ್ಷಣ ತಿರುಗಿಸಿ ಟಿಶ್ಯೂ ಕಾಗದಕ್ಕೆ ಒತ್ತಿ ದ್ರವವನ್ನು ಹೀರಿಸುವುದು. ಇದನ್ನು ಒಟ್ಟು ಮೂರು ಸಲ ಮಾಡಬೇಕು. ಆಮೇಲೆ ಬ್ರಷ್ ತೊಳೆದು, ಡಿಸ್ಟಿಲ್ಡ್ ವಾಟರ್ ಅದ್ದಿ ಅದೇ ಕ್ರಮ, ಮೈಸೆಲ್ಲರ್ ವಾಟರ್ ಜಾಲರಿಯಲ್ಲಿ ಉಳಿಯಬಾರದೆಂದು. ಕೊನೆಗೆ ಕನಿಷ್ಠ ಎರಡು ಗಂಟೆ ಹೊರಗೇ ಒಣಗಬೇಕು. ಒದ್ದೆ ಬಡ್ಡನ್ನು ಡಬ್ಬಿಗೆ ಹಾಕಿ ಚಾರ್ಜಿಗಿಡುವಂತಿಲ್ಲ. ಮಳೆಗಾಲದಲ್ಲಿ ನಾನು ಇಡೀ ರಾತ್ರಿ ಬಿಡುತ್ತೇನೆ.

ಡಿಸ್ಟಿಲ್ಡ್ ವಾಟರ್ ಎಲ್ಲಿ ಎಂದರೆ, ಮನೆಯ ಇನ್ವರ್ಟರ್ ಬ್ಯಾಟರಿಗೆ ಹಾಕಲು ತರುವ ನೀರೇ. ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಬ್ಯಾಟರಿ ಆಸಿಡ್ ಕೂಡ ಮಾರುತ್ತಾರೆ, ಡಬ್ಬದ ಮೇಲಿನ ಹೆಸರನ್ನು ಓದಿಯೇ ತೆಗೆದುಕೊಳ್ಳಿ. ನಲ್ಲಿ ನೀರು, ಅದರಲ್ಲೂ ಬೋರ್‌ವೆಲ್ ನೀರು ಯಾಕೆ ಬೇಡ ಎಂಬುದನ್ನು ನಿಮ್ಮ ಮನೆಯ ಬಿಸಿನೀರಿನ ಪಾತ್ರೆಯ ತಳದಲ್ಲಿ ನೋಡಬಹುದು. ಗುಗ್ಗೆ ಹೋದ ಕಣ್ಣುಗಳಲ್ಲಿ ಅದೇ ಬಿಳಿ ಸುಣ್ಣ ಕೂರುತ್ತದೆ.

ಕಳಚಿಟ್ಟ ರಬ್ಬರ್ ತುದಿಗಳನ್ನು ಮಾತ್ರ ನೀರಿನಲ್ಲಿ ಧಾರಾಳವಾಗಿ ತೊಳೆಯಬಹುದು, ಪೂರ್ತಿ ಒಣಗಿದ ಮೇಲೆ ಹಾಕಿದರಾಯಿತು. ತುದಿಯ ಒಳಗೂ ಚಿಕ್ಕ ಜಾಲರಿ ಇದೆಯೇ ನೋಡಿ, ಕೆಲವು ಮಾದರಿಗಳಲ್ಲಿ ಕಟ್ಟಿಕೊಂಡಿರುವುದು ಅದೇ.

ಜನ ಸಾಮಾನ್ಯವಾಗಿ ಮಾಡುವ ತಪ್ಪುಗಳೆಲ್ಲ ಒಳಕ್ಕೆ ತಳ್ಳುವ ತಪ್ಪುಗಳೇ. ಸೇಫ್ಟಿ ಪಿನ್ ಗುಗ್ಗೆಯನ್ನು ಹೊರತೆಗೆಯುವುದಿಲ್ಲ, ಕಣ್ಣುಗಳ ಮೂಲಕ ತುರುಕುತ್ತದೆ. ಜಾಲರಿ ಹರಿದರೆ ಪೊರೆಗೇ ಚುಚ್ಚುತ್ತದೆ. ಬಾಯಿಂದ ಊದಿದರೆ ಗಾಳಿಯ ಜೊತೆ ಉಗುಳಿನ ತೇವವೂ ಹೋಗುತ್ತದೆ. ಕಂಪ್ಯೂಟರ್ ಧೂಳಿಗೆ ಬಳಸುವ ಒತ್ತಡದ ಗಾಳಿ, ವ್ಯಾಕ್ಯೂಮ್ ಕ್ಲೀನರ್ ಇವೆರಡೂ ಪೊರೆಯನ್ನು ಹರಿಯಬಲ್ಲವು. ಸ್ಯಾನಿಟೈಸರ್, ಸ್ಪಿರಿಟ್‌ಗಳ ಮೇಲಿನ ಭರವಸೆ ಬಿಡಬೇಕು. ಬಡ್‌ನ ಹೊರಮೈಯನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಬಹುದು. ಜಾಲರಿಗೆ ಹಾಕಿದರೆ ಅದನ್ನು ಹಿಡಿದಿರುವ ಅಂಟು ಮೆತ್ತಗಾಗಬಹುದು, ಜೊತೆಗೆ ಅರೆಕರಗಿದ ಗುಗ್ಗೆ ಹರಡಿ ಒಳಗಿನ ಬಟ್ಟೆಯ ಪದರಕ್ಕೆ ಇಂಗುತ್ತದೆ. ಹೊರಗಿನ ಜಾಲರಿ ಫಳಫಳ ಹೊಳೆಯುತ್ತಿದ್ದೂ ಸದ್ದು ಏಳದಿದ್ದರೆ ಇಂಥದ್ದೇನೋ ಆಗಿದೆ ಎಂದರ್ಥ. ಅದು ಮನೆಯಲ್ಲಿ ಸರಿಹೋಗುವುದಲ್ಲ, ವಾರಂಟಿ ಇದ್ದರೆ ಸರ್ವೀಸ್ ಸೆಂಟರಿಗೆ ಒಯ್ಯಬೇಕು. ಬೆವರಿನ ತೇವದಿಂದ ಮಂಕಾದದ್ದಾದರೆ ಒಂದು ದಿನ ಒಣಗಲು ಬಿಟ್ಟಾಗ ತಾನೇ ಚೇತರಿಸಿಕೊಳ್ಳುತ್ತದೆ.

ಅಂಟುಮುದ್ದೆಯ ನಂತರ ಅವಳ ಎಡದ ಬಡ್ ಬಲಗಿವಿಯಲ್ಲಿ 4ನೇ ಒತ್ತಿಗೆ ಸ್ಪಷ್ಟವಾಯಿತು, ಬಲದ್ದರಷ್ಟೇ. ಕುಣಿದಾಡುತ್ತಾ ಎರಡನ್ನೂ ಹಾಕಿಕೊಂಡವಳು ಮುಖ ಸಣ್ಣಗೆ ಮಾಡಿ, "ಇನ್ನೂ ಒಂಚೂರು ಕಮ್ಮಿ ಅತ್ತೆ," ಎಂದಳು. ಚೀಟಿಯ ಮೇಲಿನ ಎರಡು ಒತ್ತು ನೆನಪಾಯಿತು. ಬಡ್ ಸರಿಯಾಗಿದೆ, ಉಳಿದಿರುವುದು ಕಿವಿ.

ಬಾಯಿ ಮುಚ್ಚಿಕೊಂಡು "ಹ್ಮ್" ಎಂದು ಒಂದೇ ಸಮನೆ ಗುನುಗು ಎಂದೆ. ಗುನುಗು ತಲೆಯ ಮೂಳೆಗಳ ಮೂಲಕವೇ ಎರಡೂ ಒಳಗಿವಿಗಳನ್ನು ಮುಟ್ಟುತ್ತದೆ. ಹೊರದಾರಿ ಮುಚ್ಚಿರುವ ಕಿವಿಯಲ್ಲಿ ಅದು ಹೆಚ್ಚಾಗಿ ಕೇಳುತ್ತದೆ. ಒಂದು ಕಿವಿಗೆ ಬೆರಳಿಟ್ಟು ಗುನುಗಿದರೆ ಯಾರಿಗೂ ಇದು ಗೊತ್ತಾಗುತ್ತದೆ. ಒಳಗಿವಿ ಅಥವಾ ನರದ ತೊಂದರೆಯಿದ್ದರೆ ಇದು ತಿರುವುಮುರುವು, ಚೆನ್ನಾಗಿರುವ ಕಿವಿಯ ಕಡೆಗೇ ಗುನುಗು ವಾಲುತ್ತದೆ. ವೈದ್ಯರು ಹಣೆಯ ಮೇಲೆ ಶ್ರುತಿಕವಲು ಇಟ್ಟು ಮಾಡುವ ವೆಬರ್ ಪರೀಕ್ಷೆಯ ತತ್ವವೂ ಇದೇ. ಗುನುಗಿನಿಂದ ರೋಗ ನಿರ್ಣಯವಾಗದು, ಆದರೆ ಒಂದು ಸಂದರ್ಭದಲ್ಲಿ ಅದು ಬಹಳ ಬೆಲೆಯುಳ್ಳ ಎಚ್ಚರಿಕೆ. ಒಂದು ಕಿವಿಯ ಕೇಳ್ಮೆ ಕೆಲವೇ ಗಂಟೆಗಳಲ್ಲಿ ಅಥವಾ ಎರಡು ಮೂರು ದಿನಗಳಲ್ಲಿ ಇಳಿದು, ಗುನುಗು ಇನ್ನೊಂದು ಕಿವಿಗೆ ವಾಲಿದರೆ ಬಡ್ಡು ಗುಗ್ಗೆ ಎಂದು ದಿನ ಕಳೆಯಬಾರದು. ಅದು ನರಸಂಬಂಧಿ ದಿಢೀರ್ ಕಿವುಡುತನ ಆಗಿರಬಹುದು. ಮೊದಲ ದಿನಗಳಲ್ಲೇ ಚಿಕಿತ್ಸೆ ಶುರುವಾದರೆ ಕೇಳ್ಮೆ ಮರಳುವ ಸಾಧ್ಯತೆ ಹೆಚ್ಚು. ಕಾರಣ ಏನೇ ಅನ್ನಿಸಲಿ, ಒಂದು ಕಿವಿ ಹಾಗೆ ದಿಢೀರನೆ ಮಂಕಾದರೆ ಅಂದೇ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಹೋಗಬೇಕು.

ಅವಳಿಗೆ ಗುನುಗು ಎಡಕ್ಕೇ ವಾಲಿತು. ತೊಂದರೆ ದಾರಿಯಲ್ಲಿ ಮಾತ್ರ ಇದೆ ಎಂದು ಸ್ವಲ್ಪ ನೆಮ್ಮದಿಯಾಯಿತು. ಕಡ್ಡಿಗೆ ಹತ್ತಿ ಸುತ್ತಲು ಹೊರಟವಳ ಕೈ ಹಿಡಿದೆ, ಜಾಲರಿಗೆ ಪಿನ್ ಏನು ಮಾಡುತ್ತದೋ ಕಿವಿಗೆ ಹತ್ತಿಕಡ್ಡಿ ಅದನ್ನೇ ಮಾಡುತ್ತದೆ. ಸೋಮವಾರ ಸಂಜೆ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ತಮಟೆಯಲ್ಲಿ ತೂತಿಲ್ಲ, ಹಿಂದೆಂದೂ ಸೋರಿಲ್ಲ ಎಂದು ಕೇಳಿ ತಿಳಿದುಕೊಂಡು, ಗುಗ್ಗೆ ಮೆತ್ತಗಾಗುವ ಹನಿಗಳನ್ನು ಬರೆದುಕೊಟ್ಟರು. ನಾಲ್ಕು ದಿನ ಬಿಟ್ಟು ಹೋದಾಗ ಸಣ್ಣ ಹೀರುಕೊಳವೆಯಿಂದ ಎರಡೇ ನಿಮಿಷದಲ್ಲಿ ತೆಗೆದು ಬಿಳಿ ಹತ್ತಿಯ ಮೇಲಿಟ್ಟು ತೋರಿಸಿದರು. ಕಂದುಬಣ್ಣದ ಚಿಕ್ಕ ಬಿರಡೆ. ಅದರ ಹೊರಮುಖ ಉರುಟಾಗಿರಲಿಲ್ಲ, ಅಚ್ಚೊತ್ತಿದ ಹಾಗೆ ಚಪ್ಪಟೆಯಾಗಿತ್ತು, ಸುತ್ತ ರಬ್ಬರ್ ತುದಿಯ ಅಂಚಿನದೇ ವೃತ್ತ.